ಬೋರ್ಡ್ ಕಾಣ್ತಿದ್ಯಾ ಮಗ: ಸ್ಕೂಲ್ ಡೇ ದಿನ ಆಡಿದ ಮಾತು

ಎಚ್‌ಎಂ ಸರ್, ಎಸ್‌ಡಿಎಂಸಿ ಅಧ್ಯಕ್ಷರೇ, ಟೀಚರ್‌ಗಳೇ, ಎದುರಿಗೆ ಕೂತಿರೋ ಅಪ್ಪ ಅಮ್ಮ ಅಜ್ಜಿ ತಾತಂದಿರೇ, ಆಮೇಲೆ ಸೈಡಲ್ಲಿ ಮೇಕಪ್ ಹಾಕ್ಕೊಂಡು ಯಾವಾಗ ನಮ್ ಡ್ಯಾನ್ಸ್ ಅಂತ ಕಾಯ್ತಿರೋ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಮುಖ್ಯ ಅತಿಥಿ ಅಂತ ಕರ್ದಿದ್ದೀರಿ, ಮೂರು ಪುಟ ಭಾಷಣ ಬರ್ಕೊಂಡು ಬಂದಿದ್ದೀನಿ. "ಇಂದಿನ ಮಕ್ಕಳೇ ನಾಳಿನ ಪ್ರಜೆಗಳು, ವಿದ್ಯಾರ್ಥಿಗಳ ನೇತ್ರಾರೋಗ್ಯದ ಕುರಿತು ಪೋಷಕರು ಜಾಗೃತರಾಗಬೇಕಾದುದು ಇಂದಿನ ಅಗತ್ಯವಾಗಿದೆ" ಅಂತ ಅದರಲ್ಲಿದೆ. ಅದು ಜೇಬಲ್ಲೇ ಇರ್ಲಿ. ನಾನು ತಾಲ್ಲೂಕು ಆಸ್ಪತ್ರೆಲಿ ಕಣ್ಣು ಟೆಸ್ಟ್ ಮಾಡೋನು, ದಿನಾ ಮಕ್ಕಳ ಜೊತೆ ಹೆಂಗೆ ಮಾತಾಡ್ತೀನೋ ಹಂಗೇ ನಿಮ್ ಜೊತೆನೂ ಮಾತಾಡ್ತೀನಿ.

ಒಂದು ಹುಡುಗಿ ವಿಷಯ ಹೇಳ್ತೀನಿ, ಈ ಊರಿನವಳಲ್ಲ. ಐದನೇ ಕ್ಲಾಸು, ಸ್ವಲ್ಪ ಉದ್ದ ಇದ್ಲು ಅಂತ ಕೊನೇ ಬೆಂಚಲ್ಲಿ ಕೂರಿಸಿದ್ರು. ನೋಟ್ಸ್ ಪೂರ್ತಿ ಇರ್ತಿರ್ಲಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರ್ಕೊಳ್ಳೋಳು, ಅದಕ್ಕೆ ಬೈಸ್ಕೊಳ್ಳೋಳು. ಬಾಯಿಲೆಕ್ಕ ಕೊಟ್ರೆ ಸರಿಯಾಗಿ ಮಾಡ್ತಾಳೆ, ಬೋರ್ಡ್ ಮೇಲೆ ಬರ್ದಿದ್ದನ್ನ ಮಾಡು ಅಂದ್ರೆ ತಪ್ಪು. ಬಸ್ ಸ್ಟಾಂಡಲ್ಲೂ ಅಷ್ಟೇ, ಬಸ್ ಪೂರ್ತಿ ಹತ್ರ ಬಂದು ನಿಂತ್ಮೇಲೆ ಇದ್ಯಾವೂರಿಗೆ ಅಂತ ಪಕ್ಕದವರನ್ನ ಕೇಳೋಳು. ಮನೇಲಿ ಇವಳಿಗೆ ಗಮನ ಇಲ್ಲ ಅಂದ್ಕೊಂಡ್ರು, ಸ್ಕೂಲಲ್ಲೂ ಹಂಗೇ ಅಂದ್ಕೊಂಡ್ರು.

ಒಬ್ಬರು ಟೀಚರ್‌ಗೆ ಮಾತ್ರ ಅನುಮಾನ ಬಂತು, ಕಳಿಸಿದ್ರು. ನಮ್ ಚಾರ್ಟಿಂದ 6 ಮೀಟರ್ ದೂರ ಅಂದ್ರೆ ಹತ್ತಿರ ಹತ್ತಿರ 20 ಅಡಿ ದೂರ ಕೂರಿಸಿ ಒಂದೊಂದೇ ಕಣ್ಣು ಮುಚ್ಚಿ ಓದ್ಸಿದ್ವಿ, ಎರಡೂ ಕಣ್ಣಲ್ಲಿ ಮೇಲಿನ ಎರಡು ಸಾಲು ಬಿಟ್ರೆ ಮುಂದಕ್ಕೆ ಹೋಗ್ಲೇ ಇಲ್ಲ. ನಾವು ಅದನ್ನ 6/36 ಅಂತ ಬರೀತೀವಿ. ಅಂದ್ರೆ ಚೆನ್ನಾಗಿ ಕಾಣೋರು 36 ಮೀಟರ್ ದೂರದಿಂದ ಓದೋ ಅಕ್ಷರನ ಈ ಮಗು 6 ಮೀಟರ್ ಹತ್ರ ಬಂದ್ರೆ ಮಾತ್ರ ಓದತ್ತೆ. ಡ್ರಾಪ್ಸ್ ಹಾಕಿ ಚೆಕ್ ಮಾಡಿದಾಗ ಬಂದ ಪವರ್ ಮೈನಸ್ 2.5. ಈ ನಂಬರ್ ಕೇಳಿದ ತಕ್ಷಣ ಜನ ಗಾಬರಿ ಆಗ್ತಾರೆ, ಆದ್ರೆ ಅದರ ಅರ್ಥ ತುಂಬಾ ಸುಲಭ, ನೂರನ್ನ ಆ ನಂಬರಿಂದ ಭಾಗಿಸಿ, 40 ಬಂತಲ್ವಾ, ಕನ್ನಡಕ ಇಲ್ದೆ ಆ ಮಗೂಗೆ ಸ್ಪಷ್ಟವಾಗಿ ಕಾಣೋದು 40 ಸೆಂಟಿಮೀಟರ್ ತನಕ ಅಷ್ಟೇ. ಕೈಲಿ ಪುಸ್ತಕ ಹಿಡ್ಕೊಂಡ್ರೆ ಇರೋ ದೂರ. ಅದರಾಚೆಗೆ ಬೋರ್ಡು, ಟೀಚರ್ ಮುಖ, ಬಸ್ಸು, ಎಲ್ಲಾ ಮಂಜು.

ಅದಕ್ಕೇ ನಿಮಗೆ ಗೊತ್ತಾಗಲ್ಲ. ಮನೇಲಿ ಮಗು ಪುಸ್ತಕ ಚೆನ್ನಾಗೇ ಓದ್ತಿರತ್ತೆ, ಮೊಬೈಲ್ ಚೆನ್ನಾಗೇ ನೋಡ್ತಿರತ್ತೆ, ಕಣ್ಣಿಗೇನಾಗಿದೆ ಅಂತೀರಿ. ಮಗೂನೂ ಹೇಳಲ್ಲ, ಯಾಕಂದ್ರೆ ಅದು ಮೊದಲಿಂದ ಹಂಗೇ ನೋಡಿರತ್ತೆ, ಎಲ್ಲರಿಗೂ ಪ್ರಪಂಚ ಹಿಂಗೇ ಕಾಣತ್ತೆ ಅಂದ್ಕೊಂಡಿರತ್ತೆ. ಕಂಪ್ಲೇಂಟ್ ಬರ್ಲಿ ಅಂತ ಕಾಯ್ಬೇಡಿ ದಯವಿಟ್ಟು. ಕಣ್ಣು ಕಿರಿದು ಮಾಡ್ಕೊಂಡು ನೋಡೋದು, ಟೀವಿ ಹತ್ರ ಹತ್ರ ಹೋಗಿ ಕೂರೋದು, ತಲೆ ಒಂದು ಕಡೆ ವಾಲಿಸೋದು, ಸಂಜೆ ಹೊತ್ತಿಗೆ ತಲೆನೋವು, ಇಂಥದ್ದು ಕಂಡ್ರೆ ಕರ್ಕೊಂಡು ಬನ್ನಿ.

ಇನ್ನೊಂದು ಇದೆ, ನನಗೆ ತುಂಬಾ ಸಂಕಟ ಆಗೋದು ಇದಕ್ಕೇನೇ. ಕೆಲವು ಮಕ್ಕಳಿಗೆ ಒಂದು ಕಣ್ಣಲ್ಲಿ ಮಾತ್ರ ಪವರ್ ಜಾಸ್ತಿ ಇರತ್ತೆ, ಇನ್ನೊಂದು ಕಣ್ಣು ಚೆನ್ನಾಗಿರತ್ತೆ. ಚೆನ್ನಾಗಿರೋ ಕಣ್ಣೇ ಎಲ್ಲಾ ಕೆಲಸ ಮಾಡ್ತಿರತ್ತೆ, ಮಗೂಗೆ ಏನೂ ತೊಂದರೆ ಅನ್ಸಲ್ಲ, ಆದ್ರೆ ಮಂಜಾದ ಕಣ್ಣಿಂದ ಬರೋ ಚಿತ್ರನ ಮೆದುಳು ಬಿಟ್ಟುಬಿಡತ್ತೆ, ಬಿಡ್ತಾ ಬಿಡ್ತಾ ಆ ಕಣ್ಣಿಂದ ನೋಡೋದನ್ನ ಅದು ಕಲಿಯೋದೇ ಇಲ್ಲ. ಆಮೇಲೆ ಕನ್ನಡಕ ಹಾಕಿದ್ರೂ ಪೂರ್ತಿ ಕಾಣಲ್ಲ. ಸೋಮಾರಿ ಕಣ್ಣು ಅಂತಾರೆ. ಕನ್ನಡಕದ ಜೊತೆ, ಡಾಕ್ಟ್ರು ಹೇಳಿದಷ್ಟು ಹೊತ್ತು ದಿನಾ ಒಳ್ಳೇ ಕಣ್ಣಿಗೆ ಪ್ಯಾಚ್ ಕಟ್ಟಿ ಸೋತ ಕಣ್ಣಿಂದ ಕೆಲಸ ಮಾಡಿಸ್ಬೇಕು, ಎಷ್ಟೋ ಮಕ್ಕಳಿಗೆ ದಿನಕ್ಕೆ 2 ಗಂಟೆ ಸಾಕಾಗತ್ತೆ. ಆದ್ರೆ ಏಳೆಂಟು ವರ್ಷದ ಒಳಗೆ ಶುರು ಮಾಡಿದ್ರೆ ಸಿಗೋ ಫಲ ಆಮೇಲೆ ಕಡಿಮೆ ಆಗ್ತಾ ಹೋಗತ್ತೆ. ಹೈಸ್ಕೂಲಿಗೆ ಬಂದ್ಮೇಲೂ ನಾವು ಪ್ರಯತ್ನ ಬಿಡಲ್ಲ, ಆದ್ರೂ ಎಷ್ಟೋ ಜನಕ್ಕೆ ಡ್ರೈವಿಂಗ್ ಲೈಸೆನ್ಸಿಗೋ ಪೊಲೀಸ್ ಸೆಲೆಕ್ಷನ್‌ಗೋ ಹೋದಾಗ್ಲೇ ಒಂದು ಕಣ್ಣು ಕಾಣಲ್ಲ ಅಂತ ಗೊತ್ತಾಗೋದು.

ಅದಕ್ಕೆ ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಗೋಡೆ ಮೇಲೆ ದೊಡ್ಡ ಅಕ್ಷರದ ಕ್ಯಾಲೆಂಡರ್ ಇರತ್ತಲ್ಲ, ಬೆಳಕು ಚೆನ್ನಾಗಿರ್ಲಿ, ಮಗೂನ ದೂರ ನಿಲ್ಸಿ, ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಒತ್ಬೇಡಿ, ಬೆರಳ ಸಂದಿಲೂ ನೋಡೋ ಹಾಗಿರ್ಬಾರ್ದು. ಒಂದು ಕಣ್ಣಲ್ಲಿ ಓದಿದ್ಮೇಲೆ ಇನ್ನೊಂದು ಕಣ್ಣಲ್ಲಿ ಓದ್ಸಿ, ಆದ್ರೆ ಬೇರೆ ತಾರೀಕು ತೋರ್ಸಿ, ಇಲ್ದಿದ್ರೆ ಮಕ್ಕಳು ನೆನಪಿಟ್ಕೊಂಡು ಹೇಳ್ಬಿಡ್ತಾರೆ. ಎರಡು ಕಣ್ಣಿಗೂ ವ್ಯತ್ಯಾಸ ಬಂದ್ರೆ, ಇಲ್ಲಾ ನಿಮಗೆ ಕಾಣೋದು ಮಗೂಗೆ ಕಾಣದಿದ್ರೆ ಆಸ್ಪತ್ರೆಗೆ ಬನ್ನಿ. ಎಲ್ಲಾ ಸರಿಯಾಗಿ ಓದ್ತು ಅಂದ್ರೆ ಕಣ್ಣು ಪೂರ್ತಿ ಚೆನ್ನಾಗಿದೆ ಅಂತಲ್ಲ, ಪ್ಲಸ್ ಪವರ್ ಇರೋ ಮಕ್ಕಳು ಕಣ್ಣಿಗೆ ಶ್ರಮ ಕೊಟ್ಟು ಓದ್ಬಿಡ್ತಾರೆ, ಅದನ್ನ ಕಂಡುಹಿಡಿಯೋಕೇ ನಾವು ಡ್ರಾಪ್ಸ್ ಹಾಕೋದು. ಹಾಕಿದ್ಮೇಲೆ ಒಂದು ದಿನ ಹತ್ರದ್ದು ಮಂಜಾಗತ್ತೆ, ಹೆದರ್ಕೋಬೇಡಿ. ಆದ್ರೆ ಪಾಪು ಕಣ್ಣಿನ ಕಪ್ಪು ಗುಡ್ಡೆ ಮಧ್ಯೆ ಬೆಳ್ಳಗೆ ಕಂಡ್ರೆ ಮಾತ್ರ ನಾಳೆ ನಾಡಿದ್ದು ಅನ್ಬೇಡಿ, ಅವತ್ತೇ ಹೊರಡಿ.

ಕನ್ನಡಕ ಹಾಕಿದ್ರೆ ನಂಬರ್ ಜಾಸ್ತಿ ಆಗತ್ತೆ ಅಂತ ಎಷ್ಟು ಜನ ತೆಗ್ದಿಟ್ಟಿದ್ದೀರೋ. ಆಗಲ್ಲ. ಮಗು ಉದ್ದ ಆಗೋ ವಯಸ್ಸಲ್ಲಿ ಕಣ್ಣುಗುಡ್ಡೆನೂ ಹಿಂದಕ್ಕೆ ಉದ್ದ ಆಗ್ತಿರತ್ತೆ, ಅದಕ್ಕೆ ಮೈನಸ್ ಏರೋದು, ಕನ್ನಡಕ ಹಾಕಿದ್ರೂ ಏರತ್ತೆ ಬಿಟ್ರೂ ಏರತ್ತೆ. ಬಿಟ್ರೆ ಆಗೋದು ಒಂದೇ, ಆ ವರ್ಷದ ಪಾಠ ಹೋಗತ್ತೆ. ಕ್ಯಾರೆಟ್ ತಿನ್ಸಿ, ಒಳ್ಳೇದೇ, ಆದ್ರೆ ಮೈನಸ್ ಇಳಿಯಲ್ಲ. ದಿನಕ್ಕೆ ಎರಡು ಗಂಟೆ ಬಯಲಲ್ಲಿ ಹಗಲು ಬೆಳಕಲ್ಲಿ ಆಡಿಸಿದ್ರೆ ಮೈನಸ್ ಶುರುವಾಗೋ ಸಾಧ್ಯತೆ ಕಡಿಮೆ ಆಗತ್ತೆ, ಇದು ಸಾಬೀತಾಗಿರೋ ವಿಷಯ. ಪಿಟಿ ಪೀರಿಯಡ್ ತೆಗ್ದು ಮ್ಯಾಥ್ಸ್ ಮಾಡೋ ಟೀಚರ್‌ಗಳಿಗೆ ಇದನ್ನ ಕೈ ಮುಗಿದು ಹೇಳ್ತಿದ್ದೀನಿ.

ಹೆಣ್ಮಗುಗೆ ಕನ್ನಡಕ ಹಾಕಿದ್ರೆ ಮದುವೆ ಕಷ್ಟ ಅನ್ನೋ ಅಮ್ಮಂದಿರೂ ಬರ್ತಾರೆ ನನ್ ಹತ್ರ. ಅಮ್ಮಾ, ಹತ್ತು ವರ್ಷದ ಮಗು ಅದು, ನಾಳೆ ಬೆಳಗ್ಗೆ ಅದಕ್ಕೆ ಬೋರ್ಡ್ ಕಾಣ್ಬೇಕು. ಮಕ್ಕಳೇ, ನಿಮಗೂ ಒಂದು ಮಾತು, ಫ್ರೆಂಡ್ ಕನ್ನಡಕ ಹಾಕ್ಕೊಂಡು ಬಂದ ದಿನ ಯಾರೂ ಸೋಡಾಬುಡ್ಡಿ ಅಂತ ಕೂಗ್ಬೇಡಿ, ಆ ಒಂದು ಮಾತಿಗೆ ಕನ್ನಡಕ ಬ್ಯಾಗಿಗೆ ಹೋಗತ್ತೆ, ಮತ್ತೆ ಈಚೆ ಬರಲ್ಲ.

ಸರ್ಕಾರದ ಆರ್‌ಬಿಎಸ್‌ಕೆ ಅಂತ ಒಂದು ಕಾರ್ಯಕ್ರಮ ಇದೆ, 2013ರಲ್ಲಿ ಶುರುವಾಗಿದ್ದು, ಡಾಕ್ಟರ್ ಟೀಮ್ ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನ ನೋಡ್ತಾರೆ. ಅವತ್ತು ಜಾತ್ರೆಗೋ ಜ್ವರಕ್ಕೋ ರಜಾ ಹಾಕಿದ ಮಗು ತಪ್ಪಿಹೋಗತ್ತೆ, ಆಮೇಲೆ ಯಾರೂ ಕೇಳಲ್ಲ. ಟೀಚರ್‌ಗಳೇ, ಅವತ್ತಿನ ಹಾಜರಿ ನೋಡಿ ಬರದೇ ಇದ್ದೋರ ಹೆಸರು ಒಂದು ಚೀಟೀಲಿ ಬರ್ದು ಕೊಡಿ, ನಾನು ನೋಡ್ತೀನಿ.

ನಾಳೆ ಶನಿವಾರ, ಎಚ್‌ಎಂ ಸರ್ ಹತ್ರ ಮಾತಾಡಿದ್ದೀನಿ, ಬೆಳಗ್ಗೆ ಎಂಟೂವರೆಗೆ ಆರನೇ ಕ್ಲಾಸ್ ರೂಮಲ್ಲಿ ಚಾರ್ಟ್ ಹಾಕ್ತೀವಿ. ಅಕ್ಷರ ಬರದ ಚಿಕ್ಕೋರಿಗೂ ಆಗತ್ತೆ, ಇ ಆಕಾರದ ಗುರುತು ಯಾವ ಕಡೆ ತಿರುಗಿದೆ ಅಂತ ಬೆರಳಲ್ಲಿ ತೋರ್ಸಿದ್ರೆ ಸಾಕು. ಅಂಗನವಾಡಿ ಮಕ್ಕಳನ್ನೂ ಕರ್ಕೊಂಡು ಬನ್ನಿ, ಹಳೇ ಕನ್ನಡಕ ಇದ್ರೆ ಮುರಿದಿದ್ರೂ ಪರವಾಗಿಲ್ಲ ತನ್ನಿ.

ಆಯ್ತು, ಒಂದನೇ ಕ್ಲಾಸಿನ ಕೃಷ್ಣಂದಿರು ಆಗ್ಲಿಂದ ನನ್ನೇ ನೋಡ್ತಿದ್ದಾರೆ, ನವಿಲುಗರಿ ಜಾರ್ತಿದೆ, ಬನ್ರಪ್ಪಾ ಮೇಲೆ, ಸ್ಟೇಜ್ ನಿಮ್ದು.