1,800 ಕಿಲೋ ಕಂಬಿ ಎಲ್ಲಿ ಹೋಯಿತು? ತಿಂಗಳ ಕೊನೆಯ ಸ್ಟೀಲ್, ಸಿಮೆಂಟ್ ಲೆಕ್ಕ

(ದೃಶ್ಯ: ಮೇಜಿನ ಮೇಲೆ ಒಂದು ಮೀಟರ್ ಉದ್ದದ ಮೂರು ಕಂಬಿ ತುಂಡುಗಳು, ಪಕ್ಕದಲ್ಲಿ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ)

ನಮಸ್ಕಾರ. ಬೇಗೂರಿನ ಕಡೆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿರುವ ಒಬ್ಬ ಸೈಟ್ ಇಂಜಿನಿಯರ್ ಹೋದ ತಿಂಗಳು ನನಗೆ ತಮ್ಮ ಲೆಕ್ಕದ ಹಾಳೆ ಕಳುಹಿಸಿದರು. ಜೊತೆಗೆ ಎರಡೇ ಸಾಲು ಬರೆದಿದ್ದರು: "ಸರ್, 1,800 ಕಿಲೋ ಕಂಬಿ ಹೆಚ್ಚು ಖರ್ಚಾಗಿದೆ. ಮಾಲೀಕರು ಸ್ಟೋರ್ ನೋಡಿಕೊಳ್ಳುವ ಅಣ್ಣನ ಮೇಲೆ ಕಳ್ಳತನದ ದೂರು ಕೊಡುತ್ತೇನೆ ಎನ್ನುತ್ತಿದ್ದಾರೆ, ಏನು ಮಾಡಲಿ?"

ಆ ಹಾಳೆಯನ್ನು ಹಿಡಿದುಕೊಂಡು ನಾನು ಮೂರು ದಿನ ಕುಳಿತೆ. ಒಬ್ಬ ಮನುಷ್ಯನ ಮಾನದ ಪ್ರಶ್ನೆ ಅದು. ಇವತ್ತು ಆ 1,800 ಕಿಲೋವನ್ನು ಒಂದೊಂದಾಗಿ ಹುಡುಕೋಣ.

ಮೂಲ ಲೆಕ್ಕ ನಿಮಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ತಿಂಗಳ ಮೊದಲ ದಿನದ ದಾಸ್ತಾನಿಗೆ ಆ ತಿಂಗಳು ಬಂದ ಮಾಲನ್ನು ಸೇರಿಸಿ, ಕೊನೆಯ ದಿನ ಉಳಿದಿರುವುದನ್ನು ಕಳೆದರೆ ಖರ್ಚು ಸಿಗುತ್ತದೆ. ಇನ್ನೊಂದು ಕಡೆ, ಮುಗಿದ ಕೆಲಸಕ್ಕೆ ನಕ್ಷೆಯ ಪ್ರಕಾರ ಎಷ್ಟು ಬೇಕಿತ್ತು ಎಂಬುದು ಬಾರ್ ಬೆಂಡಿಂಗ್ ಪಟ್ಟಿಯಿಂದ ಸಿಗುತ್ತದೆ. ಎರಡರ ನಡುವಿನ ಅಂತರವೇ ನಮ್ಮ ಪ್ರಶ್ನೆ.

(ಪರದೆಯ ಮೇಲೆ: ಆರಂಭದ ದಾಸ್ತಾನು 3,200 ಕಿಲೋ, ಬಂದದ್ದು 18,600, ಉಳಿದದ್ದು 4,100, ಖರ್ಚು 17,700, ಪಟ್ಟಿಯ ಪ್ರಕಾರ ಬೇಕಿದ್ದದ್ದು 15,900)

ಅಂತರ 1,800 ಕಿಲೋ. ಶೇಕಡಾ 11ಕ್ಕಿಂತ ಹೆಚ್ಚು. ಮಾಲೀಕರು ಗಾಬರಿಯಾದದ್ದು ಸಹಜ.

ಮೊದಲು ಸುಲಭದ ಎರಡನ್ನು ತೆಗೆಯೋಣ. ಮುಗಿದ ಕೆಲಸ ಎಂದರೆ ಇಂಜಿನಿಯರ್ ಬಿಲ್ಲಿಗೆ ಅಳೆದದ್ದು ಕಾಂಕ್ರೀಟ್ ಹಾಕಿದ ಭಾಗವನ್ನು ಮಾತ್ರ. ಆದರೆ 31ನೇ ತಾರೀಖಿನ ಸಂಜೆ ಮೇಲಿನ ಮಹಡಿಯ ಕಂಬಗಳಿಗೂ ಕೆಲವು ಬೀಮ್‌ಗಳಿಗೂ ಕಂಬಿ ಕಟ್ಟಿಯಾಗಿತ್ತು, ಕಾಂಕ್ರೀಟ್ ಮಾತ್ರ ಬಾಕಿ. ಆ ಕಂಬಿ ಸ್ಟೋರಿನಲ್ಲೂ ಇಲ್ಲ, ಬಿಲ್ಲಿನಲ್ಲೂ ಇಲ್ಲ. ಸೆಂಟ್ರಿಂಗ್ ಮೇಲೆ ಹತ್ತಿ, ಕಟ್ಟಿದ ಕಂಬಿಗಳನ್ನು ಎಣಿಸಿ ಬನ್ನಿ ಎಂದೆ. 920 ಕಿಲೋ ಸಿಕ್ಕಿತು. ಎರಡನೆಯದು ಕಟ್ ಪೀಸ್. ಅದನ್ನು ಅಂದಾಜು ಮಾಡಬೇಡಿ, ತೂಗಿ ಎಂದೆ. 240 ಕಿಲೋ ಬಂತು. ಉಳಿದದ್ದು 640.

ಈ 640 ಕಿಲೋ ನನ್ನ ನಿದ್ದೆ ಕೆಡಿಸಿತು. ಈ ವಿಡಿಯೋ ಮಾಡುತ್ತಿರುವುದೇ ಅದಕ್ಕಾಗಿ.

(ದೃಶ್ಯ: 8 ಎಂ.ಎಂ. ತುಂಡನ್ನು ತಕ್ಕಡಿಯ ಮೇಲೆ ಅಡ್ಡಲಾಗಿ ಇಡುವುದು)

ನೋಡಿ, ಇದು ಅವರ ಸೈಟಿನಿಂದಲೇ ತರಿಸಿದ 8 ಎಂ.ಎಂ. ಕಂಬಿ, ಸರಿಯಾಗಿ ಒಂದು ಮೀಟರ್. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಎಂಟೆಂಟಲಿ ಅರವತ್ತನಾಲ್ಕು, ಭಾಗಿಸು 162, ಅಂದರೆ 395 ಗ್ರಾಂ. ತಕ್ಕಡಿ ಏನು ಹೇಳುತ್ತಿದೆ? 417 ಗ್ರಾಂ.

ಇಪ್ಪತ್ತೆರಡು ಗ್ರಾಂ ಹೆಚ್ಚು! ಕೈಯಲ್ಲಿ ಹಿಡಿದರೆ ಗೊತ್ತೇ ಆಗುವುದಿಲ್ಲ. ಕಾರ್ಖಾನೆಯ ತಪ್ಪೂ ಅಲ್ಲ. ಕಂಬಿಯ ಭಾರತೀಯ ಮಾನಕ ಐ.ಎಸ್. 1786ರ ಪ್ರಕಾರ 10 ಎಂ.ಎಂ.ವರೆಗಿನ ಕಂಬಿಯ ತೂಕ ಸೂತ್ರಕ್ಕಿಂತ ಶೇಕಡಾ 7ರಷ್ಟು ಹೆಚ್ಚು ಕಡಿಮೆ ಇರಬಹುದು. 10 ದಾಟಿ 16ರವರೆಗೆ ಶೇಕಡಾ 5, ಅದಕ್ಕಿಂತ ದಪ್ಪದ್ದಕ್ಕೆ ಶೇಕಡಾ 3. ಇದನ್ನೇ ರೋಲಿಂಗ್ ಮಾರ್ಜಿನ್ ಎನ್ನುತ್ತಾರೆ. ಕಂಬಿಯನ್ನು ಉರುಳೆಗಳ ನಡುವೆ ಹಾಯಿಸಿ ಎಳೆಯುತ್ತಾರೆ, ಉರುಳೆ ಸವೆದ ಹಾಗೆ ಕಂಬಿ ಕೂದಲೆಳೆಯಷ್ಟು ದಪ್ಪವಾಗುತ್ತದೆ.

ಈಗ ಈ ಇಪ್ಪತ್ತೆರಡು ಗ್ರಾಂ ಲೆಕ್ಕದ ಪುಸ್ತಕದಲ್ಲಿ ಹೇಗೆ ಕಳ್ಳತನದ ವೇಷ ಹಾಕುತ್ತದೆ ನೋಡಿ. ಲಾರಿ ಸೈಟಿಗೆ ಬರುವ ಮೊದಲು ವೇಬ್ರಿಡ್ಜ್ ಹತ್ತಿತು, 5,000 ಕಿಲೋ ಎಂದು ಚೀಟಿ ಬಂತು. ಅದು ನಿಜವಾದ ತೂಕ. ತಿಂಗಳ ಕೊನೆಗೆ ಸ್ಟೋರಿನಲ್ಲಿ ಉಳಿದ ಕಂಬಿಯನ್ನು ಯಾರೂ ತೂಗುವುದಿಲ್ಲ. 12 ಮೀಟರಿನ ಕಂಬಿ ಎಷ್ಟು ಎಂದು ಎಣಿಸಿ ಸೂತ್ರದಿಂದ ಗುಣಿಸುತ್ತಾರೆ. ಬಾರ್ ಬೆಂಡಿಂಗ್ ಪಟ್ಟಿಯೂ ಉದ್ದವನ್ನು ಸೂತ್ರದಿಂದಲೇ ಗುಣಿಸಿದ್ದು. ಅಂದರೆ ಮಾಲು ಒಳಗೆ ಬರುವುದು ಒಂದು ಸೇರಿನಲ್ಲಿ, ಹೊರಗೆ ಹೋಗುವುದು ಇನ್ನೊಂದು ಸೇರಿನಲ್ಲಿ. ಹಾಲಿನವರು ತಮ್ಮ ಲೀಟರಿನಲ್ಲಿ ಅಳೆದು ಕೊಟ್ಟಿದ್ದನ್ನು ನಾವು ಮನೆಯ ಲೋಟದಲ್ಲಿ ಅಳೆದು, ಕಾಸಿದವರನ್ನು ಬೈದ ಹಾಗಾಯಿತು!

5,000 ಕಿಲೋವನ್ನು 417 ಗ್ರಾಂನಿಂದ ಭಾಗಿಸಿದರೆ ನಿಜವಾಗಿ ಬಂದ ಉದ್ದ ಸುಮಾರು 11,990 ಮೀಟರ್. ಅದೇ ಉದ್ದಕ್ಕೆ ಸೂತ್ರದ ತೂಕ ಕಟ್ಟಿದರೆ 4,736 ಕಿಲೋ. ಯಾರೂ ಒಂದು ತುಂಡನ್ನೂ ಮುಟ್ಟಿಲ್ಲ, ಆದರೂ ಪುಸ್ತಕದಲ್ಲಿ 264 ಕಿಲೋ ಮಾಯ. ಅವರ 12 ಎಂ.ಎಂ. ಕಂಬಿ ಮೀಟರಿಗೆ 889 ಗ್ರಾಂ ಇರುವ ಬದಲು 915 ಇತ್ತು, 7,600 ಕಿಲೋ ಬಂದಿತ್ತು. ಅಲ್ಲಿ 216 ಕಿಲೋ. 16 ಎಂ.ಎಂ.ನಲ್ಲಿ ವ್ಯತ್ಯಾಸ ತೀರಾ ಸಣ್ಣದು, 6,000 ಕಿಲೋಗೆ 40ರ ಆಸುಪಾಸು. ಎಲ್ಲ ಕೂಡಿಸಿದರೆ 520.

ಉಳಿದದ್ದು 120 ಕಿಲೋ. 15,900ಕ್ಕೆ ಶೇಕಡಾ ಒಂದೂ ಇಲ್ಲ. ಸ್ಟೋರಿನ ಅಣ್ಣ ನಿರಪರಾಧಿ.

ನೀವು ಮಾಡುವಾಗ ಎರಡು ಮಾತು ನೆನಪಿಡಿ. ತುಂಡು ಕತ್ತರಿಸುವಾಗ ಅರ್ಧ ಸೆಂಟಿಮೀಟರ್ ತಪ್ಪಿದರೂ ತೂಕದಲ್ಲಿ ಅರ್ಧ ಶೇಕಡಾ ತಪ್ಪುತ್ತದೆ. ಆದ್ದರಿಂದ ಪ್ರತಿ ಲಾರಿಯಲ್ಲಿ, ಪ್ರತಿ ವ್ಯಾಸಕ್ಕೆ, ಬೇರೆ ಬೇರೆ ಕಟ್ಟಿನಿಂದ ಮೂರು ತುಂಡು ತೆಗೆದು ಸರಾಸರಿ ಹಿಡಿಯಿರಿ. ಇನ್ನೊಂದು ಇದರ ತಿರುಗುಮುರುಗು, ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ. ಕಂಬಿ ಸೂತ್ರಕ್ಕಿಂತ ಹಗುರವಾಗಿದ್ದರೆ ಅದೇ ತೂಕಕ್ಕೆ ಉದ್ದ ಹೆಚ್ಚು ಬರುತ್ತದೆ. ಶೇಕಡಾ 5 ಹಗುರ ಎಂದರೆ 5,000 ಕಿಲೋದಲ್ಲಿ ಸುಮಾರು 260 ಕಿಲೋದಷ್ಟು ಉದ್ದ ಲಾಭ. ಅಷ್ಟನ್ನು ಯಾರಾದರೂ ರಾತ್ರಿ ಗೇಟಿನಾಚೆ ಸಾಗಿಸಿದರೂ ತಿಂಗಳ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಸರಿಯಾಗಿ ಕೂಡಿದ ಲೆಕ್ಕವನ್ನೂ ತೂಗಿಯೇ ನಂಬಬೇಕು.

ಇಲ್ಲಿಗೆ ವಿಡಿಯೋ ಮುಗಿಸಬಹುದಿತ್ತು. ಆದರೆ ಆ 120 ಕಿಲೋವನ್ನು ವ್ಯಾಸದ ಪ್ರಕಾರ ಬಿಡಿಸಿ ಕಳುಹಿಸಿ ಎಂದು ಕೇಳಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ನಿಯಮಗಳೂ ಶೇಕಡಾ 2ರ ವ್ಯತ್ಯಾಸವನ್ನು ಪ್ರತಿ ವ್ಯಾಸಕ್ಕೂ ಬೇರೆಯಾಗಿಯೇ ನೋಡುತ್ತವೆ, ಒಟ್ಟು ಮೊತ್ತಕ್ಕಲ್ಲ. ಏಕೆ ಎಂದು ಆ ಹಾಳೆ ಬಂದ ಮೇಲೆ ಅರ್ಥವಾಯಿತು.

(ಪರದೆಯ ಮೇಲೆ: 12 ಎಂ.ಎಂ. 240 ಕಿಲೋ ಹೆಚ್ಚು, 16 ಎಂ.ಎಂ. ಸಮ, 8 ಎಂ.ಎಂ. 120 ಕಿಲೋ ಕಡಿಮೆ)

12 ಎಂ.ಎಂ.ನ ಗುಟ್ಟು ಕಂಬಿ ಕಟ್ಟುವ ಮೇಸ್ತ್ರಿಯಿಂದಲೇ ಹೊರಬಂತು. "ಸರ್, ಮೇಲಿನ ಕಂಬಿ ಕೆಳಗೆ ಕೂರಬಾರದು ಎಂದು ಚೇರ್ ಇಟ್ಟಿದ್ದೇವಲ್ಲ, ಅದನ್ನು ಯಾರೂ ಬರೆದುಕೊಳ್ಳಲಿಲ್ಲ" ಎಂದರು. ಚೇರ್ ಎಂದರೆ ಮೋಲ್ಡಿನಲ್ಲಿ ಮೇಲಿನ ಪದರದ ಕಂಬಿಯನ್ನು ಎತ್ತಿ ಹಿಡಿಯುವ ಬಾಗಿದ ತುಂಡು. ಒಂದಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಕಂಬಿ, ಸುಮಾರು 270 ಚೇರ್. ಗುಣಿಸಿ ನೋಡಿ, 240 ಕಿಲೋ. ನ್ಯಾಯವಾದ ಖರ್ಚು, ಪಟ್ಟಿಯಲ್ಲಿ ಬಿಟ್ಟುಹೋಗಿತ್ತು, ಅಷ್ಟೆ. ಕಟ್ ಪೀಸ್‌ನಲ್ಲೇ ಚೇರ್ ಮಾಡಿಸಿದ್ದರೆ ಈ ಖರ್ಚೂ ಬಹುಪಾಲು ಇರುತ್ತಿರಲಿಲ್ಲ.

8 ಎಂ.ಎಂ. ಕಡಿಮೆ ಇರುವುದೇಕೆ? ಇದನ್ನು ಕಂಡು ಮಾಲೀಕರು ಉಳಿತಾಯ ಎಂದು ಸಂತೋಷಪಟ್ಟರಂತೆ. ನನಗೆ ಎದೆ ಧಸಕ್ಕೆಂದಿತು. ಆ ಸೈಟಿನಲ್ಲಿ 8 ಎಂ.ಎಂ. ಹೆಚ್ಚಾಗಿ ಹೋಗುವುದು ಬೀಮಿನ ರಿಂಗುಗಳಿಗೆ. ಒಂದು ರಿಂಗಿಗೆ ಕೊಕ್ಕೆ ಸೇರಿ ಸುಮಾರು 1.25 ಮೀಟರ್ ಬೇಕು. 120 ಕಿಲೋ ಎಂದರೆ ಹತ್ತಿರ ಹತ್ತಿರ 240 ರಿಂಗ್! ನಕ್ಷೆಯಲ್ಲಿ 150 ಎಂ.ಎಂ.ಗೆ ಒಂದು ರಿಂಗ್ ಇರಬೇಕು. 200 ಎಂ.ಎಂ.ಗೆ ಒಂದರಂತೆ ಕಟ್ಟಿದ್ದರೆ, 145 ಮೀಟರ್ ಬೀಮಿನಲ್ಲಿ ಅಷ್ಟೇ ರಿಂಗ್ ಕಡಿಮೆಯಾಗುತ್ತವೆ. ಬೀಮಿನ ತುದಿಗಳಲ್ಲಿ ಓರೆ ಬಿರುಕು ಬಿಡದಂತೆ ತಡೆಯುವುದು ಈ ರಿಂಗುಗಳೇ. ಮೇಲಿನ ಮಹಡಿಯಲ್ಲಿ ಕಟ್ಟಿಟ್ಟ ಬೀಮ್‌ಗಳಿಗೆ ಟೇಪ್ ಹಿಡಿಯಿರಿ ಎಂದೆ. ಫೋಟೋ ಬಂತು. ಟೇಪಿನ ಮೇಲೆ ಒಂದು ರಿಂಗ್ ಸೊನ್ನೆಯಲ್ಲಿ, ಮುಂದಿನದು ಇಪ್ಪತ್ತು ಸೆಂಟಿಮೀಟರಿನಲ್ಲಿ.

ಸಮಯ ಮೀರುತ್ತಿದೆ, ಸಿಮೆಂಟನ್ನು ಚಿಕ್ಕದಾಗಿ ಹೇಳುತ್ತೇನೆ. ಈ ಸೈಟಿಗೆ ಕಾಂಕ್ರೀಟ್ ರೆಡಿಮಿಕ್ಸ್ ಲಾರಿಯಲ್ಲೇ ಬರುತ್ತದೆ, ಬ್ಲಾಕ್ ಜೋಡಿಸುವುದೂ ಪ್ಯಾಕೆಟ್ ಅಂಟಿನಲ್ಲಿ. ಆದ್ದರಿಂದ ಸಿಮೆಂಟ್ ಚೀಲ ಹೋಗುವುದು ಗಾರೆಗೆ ಮಾತ್ರ. ಒಳಗೋಡೆಗೆ 1,200 ಚದರ ಮೀಟರ್ ಗಾರೆ, ಒಂದಕ್ಕೆ ಆರರ ಮಿಶ್ರಣ, 12 ಎಂ.ಎಂ. ದಪ್ಪ. ನೂರು ಚದರ ಮೀಟರಿಗೆ ಏಳು ಚೀಲಕ್ಕೆ ಸ್ವಲ್ಪ ಹೆಚ್ಚು ಹಿಡಿದರೆ ಸುಮಾರು 86 ಚೀಲ ಬೇಕಿತ್ತು. ಹೋದದ್ದು 141. ಖಾಲಿ ಚೀಲ ಎಣಿಸಿದರೆ 141 ಇವೆ, ಹಾಗಾಗಿ ತುಂಬಿದ ಚೀಲ ಹೊರಗೆ ಹೋದಂತೆ ಕಾಣುವುದಿಲ್ಲ. ಸ್ವಿಚ್ ಪೆಟ್ಟಿಗೆಗೆಂದು ಕೊರೆದ ಕಡೆ ಗಾರೆಯ ಅಂಚಿಗೆ ಸ್ಕೇಲ್ ಹಿಡಿದಾಗ ಕಾರಣ ಕಂಡಿತು: ಹೆಚ್ಚಿನ ಕಡೆ 20 ಎಂ.ಎಂ. ಆ ದಪ್ಪಕ್ಕೆ ಲೆಕ್ಕ ಹಾಕಿದರೆ 134 ಚೀಲ. ಬ್ಲಾಕ್ ಕಟ್ಟುವಾಗ ತೂಗುಗುಂಡು ಬಿಟ್ಟು ನೋಡದೆ ಗೋಡೆ ವಾಲಿತ್ತು, ವಾಲಿದ್ದನ್ನು ಗಾರೆಯವರು ಸಿಮೆಂಟಿನಿಂದ ನೆಟ್ಟಗೆ ಮಾಡಿದ್ದರು. ಉಳಿದ ಏಳು ಚೀಲ ನೆಲಕ್ಕೆ ಬಿದ್ದದ್ದು, ಗಟ್ಟಿಯಾದದ್ದು. ಕೇಳಬೇಕಾದದ್ದು ಗಾರೆಯವರನ್ನಲ್ಲ, ಬ್ಲಾಕ್ ಕೆಲಸದವರನ್ನು.

ತಿಂಗಳ ಕೊನೆಯ ದಿನ ಬಂದ ಲಾರಿಯ ಚೀಟಿ ಮುಂದಿನ ತಿಂಗಳ ಪುಸ್ತಕಕ್ಕೆ ಹೋಗುವುದು, ಪಕ್ಕದ ಸೈಟಿಗೆ ಕೈಗಡ ಕೊಟ್ಟ ಕಂಬಿ, ಇವನ್ನು ಇನ್ನೊಂದು ವಿಡಿಯೋದಲ್ಲಿ ನೋಡೋಣ.

ಇಂಜಿನಿಯರ್ ನಿನ್ನೆ ಮತ್ತೆ ಫೋನ್ ಮಾಡಿದ್ದರು. ದೂರು ಕೊಡುವ ಮಾತು ಬಿಟ್ಟುಹೋಗಿದೆ. ಕಟ್ಟಿಟ್ಟ ಬೀಮ್‌ಗಳ ರಿಂಗುಗಳನ್ನು ಬಿಚ್ಚಿ 150ಕ್ಕೆ ಕಟ್ಟಿಸುತ್ತಿದ್ದಾರೆ. ಕಾಂಕ್ರೀಟ್ ಆಗಿಹೋದ ಕೆಳಗಿನ ಮಹಡಿಗೆ ಗುರುವಾರ ಸ್ಟ್ರಕ್ಚರಲ್ ಇಂಜಿನಿಯರ್ ಕವರ್ ಮೀಟರ್ ಹಿಡಿದು ಬರುತ್ತಿದ್ದಾರೆ, ಕಾಂಕ್ರೀಟಿನೊಳಗೆ ಎಷ್ಟು ರಿಂಗ್ ಇವೆ ಎಂದು ಬೀಮ್ ಬೀಮಿಗೂ ಹೊರಗಿನಿಂದಲೇ ಎಣಿಸಲು. ಅವರ ಅನುಮತಿ ಸಿಕ್ಕಿದರೆ ನಾನೂ ಕ್ಯಾಮೆರಾ ತೆಗೆದುಕೊಂಡು ಹೋಗುತ್ತೇನೆ.