ಆನೆಕಾಲಿನ ಚಳಿಜ್ವರ ಬೆರಳಿನ ಸಂದಿನಿಂದ ಬರುತ್ತದೆ

[ದೃಶ್ಯ: ಬಾತ ಪಾದ. ಕಿರುಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಸಂದು, ತೀರಾ ಹತ್ತಿರದಿಂದ]

ನಮಸ್ಕಾರ. ಈ ಸಂದನ್ನು ನೋಡಿ. ಚರ್ಮ ನೆನೆದು ಬೆಳ್ಳಗಾಗಿದೆ. ನಡುವೆ ಕೂದಲೆಳೆಯಷ್ಟು ಬಿರುಕಿದೆ. ನೋವಿಲ್ಲ, ಸ್ವಲ್ಪ ತುರಿಕೆ ಅಷ್ಟೆ. ಹಾಗಾಗಿ ಯಾರೂ ಇದನ್ನು ಗಮನಿಸುವುದಿಲ್ಲ.

ಆನೆಕಾಲು ರೋಗವಿರುವ, ಗದ್ದೆ ಕೆಲಸ ಮಾಡುವ 50 ವರ್ಷದ ಒಬ್ಬ ಹೆಂಗಸಿನ ಕಾಲು ಇದು ಅಂದುಕೊಳ್ಳಿ. ನಾಟಿ ಮುಗಿಸಿ ಮನೆಗೆ ಬಂದ ರಾತ್ರಿ ಇದ್ದಕ್ಕಿದ್ದಂತೆ ಗಡಗಡ ನಡುಗುವ ಚಳಿ, ಮೈ ಸುಡುವ ಜ್ವರ. ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ ನೋವು. ಬೆಳಗಾಗುವಷ್ಟರಲ್ಲಿ ಕಾಲು ಕೆಂಪಾಗಿ, ಬಿಸಿಯಾಗಿ, ಮುಟ್ಟಲೂ ಆಗದ ಹಾಗಿರುತ್ತದೆ. ನಾಲ್ಕೈದು ದಿನ ಮಲಗಿದಲ್ಲೇ. ಆಮೇಲೆ ಚರ್ಮ ಸುಲಿಯುತ್ತದೆ, ಬಾವು ಮಾತ್ರ ಮೊದಲಿಗಿಂತ ಜಾಸ್ತಿಯಾಗಿ ಉಳಿಯುತ್ತದೆ.

ಅಮಾವಾಸ್ಯೆ ಹುಣ್ಣಿಮೆಗೆ ಹೀಗಾಗುತ್ತದೆ ಅನ್ನುವವರಿದ್ದಾರೆ. ಹುಳ ಮತ್ತೆ ಎದ್ದಿದೆ ಅನ್ನುವವರೂ ಇದ್ದಾರೆ. ನಿಜವಾದ ಕಾರಣ ಆ ಬಿರುಕು.

[ದೃಶ್ಯ: ಕಾಲಿನ ದುಗ್ಧನಾಳಗಳ ಚಿತ್ರ]

ಸೊಳ್ಳೆ ಕಚ್ಚಿದಾಗ ಒಳಗೆ ಸೇರುವ ಫೈಲೇರಿಯಾ ಹುಳಗಳು ದುಗ್ಧನಾಳಗಳಲ್ಲಿ ಬೆಳೆದು ಅವನ್ನು ಕೆಡಿಸುತ್ತವೆ. ಕಾಲಿನ ನೀರಿನಂಶವನ್ನು ಮೇಲಕ್ಕೆ ಸಾಗಿಸುವುದು ಈ ನಾಳಗಳೇ. ಚರ್ಮದಿಂದ ಒಳನುಗ್ಗಿದ ಬ್ಯಾಕ್ಟೀರಿಯಾವನ್ನು ಹೊರಗೆಳೆಯುವ ದಾರಿಯೂ ಇದೇ. ದಾರಿ ಕಟ್ಟಿದ ಕಾಲಿನಲ್ಲಿ ನೀರು ನಿಲ್ಲುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಬೆಳೆಯುತ್ತದೆ. ಬೇರೆಯವರಿಗೆ ಏನೂ ಮಾಡದ ಬಿರುಕು ಇವರಿಗೆ ಜ್ವರ ತರುವುದು ಹೀಗೆ. ಪ್ರತಿ ಜ್ವರವೂ ಉಳಿದ ನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ. ಬಾವು ಹೆಚ್ಚುತ್ತದೆ, ಚರ್ಮ ದಪ್ಪವಾಗಿ ಮಡಿಕೆ ಬೀಳುತ್ತದೆ.

ಈ ಮಡಿಕೆಗಳಲ್ಲಿ ಎರಡು ಬಗೆ. ಕಾಲು ಅಲ್ಲಾಡಿಸಿದಾಗ ತಳ ಕಾಣಿಸಿದರೆ ಅದು ಮೇಲ್ಮಡಿಕೆ. ಕೈಯಿಂದ ಬಿಡಿಸಿದರೆ ಮಾತ್ರ ತಳ ಕಾಣುವುದು ಆಳದ ಮಡಿಕೆ. ಅದರೊಳಗೆ ಬೆವರು, ಸೋಪು, ಕೊಳೆ ನಿಲ್ಲುತ್ತವೆ, ಗಾಳಿ ಆಡುವುದಿಲ್ಲ. ವಾಸನೆ ಬಂದರೆ ಒಳಗೆ ಬ್ಯಾಕ್ಟೀರಿಯಾ ಕೂತಿದೆ ಅಂತಲೇ ತಿಳಿಯಿರಿ. ಬೆಳ್ಳಗಾಗಿ ತುರಿಸುತ್ತಿದ್ದರೆ ಹೆಚ್ಚಾಗಿ ಅದು ಫಂಗಸ್.

[ದೃಶ್ಯ: ಬೇಸಿನ್, ಚೊಂಬು, ಸೋಪು, ಮೆತ್ತನೆಯ ಹತ್ತಿ ಬಟ್ಟೆ, ಚೆನ್ನಾಗಿ ಬೆಳಕಿರುವ ಜಾಗ]

ಈಗ ತೊಳೆಯೋಣ. ಮೊದಲು ಕೈ. ಆಮೇಲೆ ಕಾಲನ್ನು ಬೆಳಕಿಗೆ ಹಿಡಿದು ಬಿರುಕು, ಗಾಯ ಎಲ್ಲಿದೆ ನೋಡಿ. ನೀರು ತಣ್ಣಗಿರಲಿ, ಬಿಸಿನೀರು ಬೇಡವೇ ಬೇಡ. ಬಾವು ಎಲ್ಲಿಂದ ಶುರುವಾಗಿದೆಯೋ ಅಲ್ಲಿಂದ ಕೆಳಕ್ಕೆ ಸೋಪು ಹಚ್ಚುತ್ತಾ ಬನ್ನಿ. ಒಂದೊಂದು ಮಡಿಕೆಯನ್ನೂ ಬೆರಳಿನಿಂದ ಬಿಡಿಸಿ, ಮೆತ್ತನೆಯ ಬಟ್ಟೆಯಿಂದ ಒಳಗೆ ಒರೆಸಿ. ಬ್ರಷ್, ತೆಂಗಿನ ನಾರು ಮುಟ್ಟಿಸಬೇಡಿ, ಅವೇ ಹೊಸ ಗಾಯ ಮಾಡುತ್ತವೆ. ಸುರಿದ ನೀರು ತಿಳಿಯಾಗಿ ಇಳಿಯುವವರೆಗೆ ತೊಳೆಯಿರಿ.

ಜನ ತೊಳೆಯುವುದನ್ನು ಚೆನ್ನಾಗಿಯೇ ಮಾಡುತ್ತಾರೆ, ಒರೆಸುವಾಗ ಅವಸರ. ಮಡಿಕೆಯೊಳಗೆ ತೇವ ಉಳಿದರೆ ತೊಳೆದದ್ದಕ್ಕೆ ಅರ್ಧ ಫಲವೂ ಇಲ್ಲ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೆಯಿರಿ. ಬೆರಳ ಸಂದಿಗೆ ತೆಳ್ಳನೆಯ ಒಣ ಬಟ್ಟೆಯ ತುಂಡು ತೂರಿಸಿ, ಬಟ್ಟೆ ಒದ್ದೆಯಾಗದೆ ಹೊರಬರುವವರೆಗೆ ಒರೆಸಿ. ತುರಿಕೆ, ಬೆಳ್ಳಗಾದ ಚರ್ಮ ಇದ್ದರೆ ವೈದ್ಯರು ಹೇಳಿದ ಫಂಗಸ್ ಮುಲಾಮು ಹಚ್ಚಿ. ಹುಣ್ಣಿದ್ದರೆ ಆ್ಯಂಟಿಬಯಾಟಿಕ್ ಮುಲಾಮು ಬೇಕಾಗಬಹುದು, ಅದನ್ನೂ ಕೇಳಿ. ಹೀಗೆ ತೊಳೆದು ಒರೆಸುವುದು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬಾವಿಲ್ಲದ ಕಾಲನ್ನೂ ಹೀಗೆಯೇ ತೊಳೆಯಿರಿ.

"ಮಾತ್ರೆ ತಿಂದರೆ ಸಾಲದಾ?" ಅಂತ ನೀವು ಕೇಳಬಹುದು. ಕೇರಳದ ಆಲಪ್ಪುಳದಲ್ಲಿ ಇದನ್ನೇ ಪರೀಕ್ಷಿಸಿದರು, 1999ರಲ್ಲಿ ವರದಿ ಬಂತು. ಕಾಲಿನ ಆರೈಕೆಯ ಜೊತೆಗೆ ಫೈಲೇರಿಯಾ ಹುಳಕ್ಕೆ ಕೊಡುವ ಡಿಇಸಿ ಮಾತ್ರೆ ಸೇರಿಸಿದ್ದರಿಂದ ಜ್ವರ ತಡೆಯುವುದರಲ್ಲಿ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಸಿಗಲಿಲ್ಲ. ಪೆನಿಸಿಲಿನ್ ಕೊಟ್ಟಾಗ ಲಾಭ ಕಂಡಿತು. ಪೆನಿಸಿಲಿನ್ ಬ್ಯಾಕ್ಟೀರಿಯಾದ ಔಷಧಿ ಅಲ್ವಾ, ಹುಳದ್ದಲ್ಲ. ಹಾಗಂತ ಡಿಇಸಿ ವ್ಯರ್ಥ ಅಲ್ಲ. ರಕ್ತದಲ್ಲಿರುವ ಮರಿಹುಳಗಳನ್ನು ಕೊಂದು, ಇನ್ನೊಬ್ಬರಿಗೆ ಹರಡುವುದನ್ನು ಅದು ತಡೆಯುತ್ತದೆ. ಬಾತ ಕಾಲನ್ನು ಮೊದಲಿನಂತೆ ಮಾಡುವುದಿಲ್ಲ.

ತೊಳೆಯುವುದರಿಂದಲೂ ಹಳೆಯ ಮಡಿಕೆಗಳು ಮಾಯವಾಗುವುದಿಲ್ಲ. ಆದರೆ ಜ್ವರ ಬರುವುದು ಅಪರೂಪವಾಗುತ್ತದೆ, ವಾಸನೆ ಹೋಗುತ್ತದೆ, ಬಾವು ಹೆಚ್ಚುವುದು ನಿಧಾನವಾಗುತ್ತದೆ. ಆರಂಭದ ಬಾವಾದರೆ, ಕೂತಾಗ ಮಲಗಿದಾಗ ಕಾಲು ಎತ್ತಿ ಇಟ್ಟುಕೊಂಡರೆ ಇಳಿಯುವುದೂ ಉಂಟು. ಹೃದಯದ ತೊಂದರೆ ಇರುವವರು ಮಾತ್ರ ಕಾಲು ಎತ್ತಿಡುವ ಮುಂಚೆ ವೈದ್ಯರನ್ನು ಕೇಳಿ.

[ದೃಶ್ಯ: ಮಂಚದ ಮೇಲೆ ಮಲಗಿದವರು, ಕಾಲ ಕೆಳಗೆ ದಿಂಬು, ಕಾಲ ಮೇಲೆ ಒದ್ದೆ ಬಟ್ಟೆ]

ಇಷ್ಟೆಲ್ಲಾ ಮಾಡಿದರೂ ಜ್ವರ ಬಂತು ಅನ್ನಿ. ತಣ್ಣೀರಿನ ಬಟ್ಟೆ ಹಾಕಿ, ನೀರು ಚೆನ್ನಾಗಿ ಕುಡಿಯಿರಿ, ಜ್ವರಕ್ಕೆ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಬಿಸಿ ಶಾಖ ಕೊಡುವುದು, ಸೂಜಿ ಚುಚ್ಚಿ ನೀರು ತೆಗೆಯುವುದು, ಸೊಪ್ಪು ಅರೆದು ಕಟ್ಟುವುದು ಬೇಡ. ಕಾಲಿನ ವ್ಯಾಯಾಮ ಮಾಡುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ. ಆ್ಯಂಟಿಬಯಾಟಿಕ್ ಬೇಕಾಗುವುದರಿಂದ ಹತ್ತಿರದ ಆಸ್ಪತ್ರೆಗೆ ಹೋಗಿ. ಜ್ವರ ಏರುತ್ತಲೇ ಇದ್ದರೆ, ಮಾತು ತೊದಲಿದರೆ, ಕೀವು ತುಂಬಿದರೆ, ಸಕ್ಕರೆ ಕಾಯಿಲೆಯೂ ಇದ್ದರೆ ಅದೇ ದಿನ ಹೋಗಲೇಬೇಕು. ಜ್ವರ ಇಳಿದ ಮೇಲೆ ಬೆರಳ ಸಂದುಗಳನ್ನು, ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಬ್ಯಾಕ್ಟೀರಿಯಾ ಎಲ್ಲಿಂದ ಒಳಗೆ ಹೋಯಿತು ಅಂತ ಹುಡುಕಿ.