ವಿಜ್ಞಾನಿಯನ್ನು ಸಭೆಗೆ ಪರಿಚಯಿಸುವ ಮೂರು ನಿಮಿಷ

ಕೇಳುಗರಿಗೆ ನಮಸ್ಕಾರ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಕಾಲೇಜುಗಳೂ ಸಂಘಸಂಸ್ಥೆಗಳೂ ಆಗಾಗ ವಿಜ್ಞಾನಿಗಳನ್ನು ಕರೆಸಿ ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸುತ್ತವೆ. ಅಂಥ ಸಭೆಗಳಲ್ಲಿ ಅತಿಥಿಗಳ ಪರಿಚಯ ಮಾಡಿಕೊಡುವ ಕೆಲಸ ಬಹುಕಾಲದಿಂದ ನನ್ನ ಪಾಲಿಗೆ ಬರುತ್ತಿದೆ. ಉಪನ್ಯಾಸ ಒಂದು ಗಂಟೆಯದಾದರೆ ಪರಿಚಯಕ್ಕೆ ಸಿಗುವುದು ಮೂರು ನಿಮಿಷ. ಆ ವಿಷಯವನ್ನು ಓದಿಕೊಂಡಿರದವರು ಆ ಒಂದು ಗಂಟೆ ಮನಸ್ಸಿಟ್ಟು ಕೇಳುತ್ತಾರೆಯೇ ಅಥವಾ ಮರ್ಯಾದೆಗಾಗಿ ಕುಳಿತಿರುತ್ತಾರೆಯೇ ಎಂಬುದು ಬಹುಮಟ್ಟಿಗೆ ಆ ಮೂರು ನಿಮಿಷಗಳಲ್ಲೇ ತೀರ್ಮಾನವಾಗುತ್ತದೆ. ಆ ಸಮಯವನ್ನು ಹೇಗೆ ಬಳಸಬೇಕು ಎಂಬುದನ್ನು ಒಂದೇ ಉದಾಹರಣೆಯನ್ನು ಹಿಡಿದು ಇಂದು ವಿವರವಾಗಿ ಹೇಳುತ್ತೇನೆ.

ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಒಂದು ಸಭಾಂಗಣದಲ್ಲಿ ಕಣಭೌತ ವಿಜ್ಞಾನಿಯೊಬ್ಬರು ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಬಗ್ಗೆ ಮಾತನಾಡಲಿದ್ದಾರೆ ಎಂದು ಇಟ್ಟುಕೊಳ್ಳೋಣ. ಕೇಳಲು ಬಂದವರಲ್ಲಿ ಪಿ.ಯು. ವಿದ್ಯಾರ್ಥಿಗಳಿದ್ದಾರೆ, ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ, ಪ್ರಾಥಮಿಕ ಶಾಲೆಯ ಶಿಕ್ಷಕಿಯರು, ಅಂಗಡಿ ನಡೆಸುವವರು, ಹತ್ತಿರದ ಹಳ್ಳಿಗಳ ರೇಷ್ಮೆ ಬೆಳೆಗಾರರು ಇದ್ದಾರೆ. ಮುಂದಿನ ಸಾಲಿನಲ್ಲಿ ಮೂರ್ನಾಲ್ಕು ಜನ ಭೌತವಿಜ್ಞಾನದ ಉಪನ್ಯಾಸಕರೂ ಇದ್ದಾರೆ. ಮನೆಯಲ್ಲಿ ಕೆಲವರು ತಮಿಳು, ಕೆಲವರು ತೆಲುಗು, ಕೆಲವರು ಕನ್ನಡ ಮಾತನಾಡುತ್ತಾರೆ. ವಿಷಯವನ್ನು ಬಲ್ಲವರು ಮುಂದಿನ ಸಾಲಿನ ಆ ಕೆಲವರು ಮಾತ್ರ.

ಇಂಥ ಸಭೆಯಲ್ಲಿ ವಾಡಿಕೆಯಂತೆ ನಡೆಯುವುದೇನೆಂದರೆ, ಪರಿಚಯಿಸುವವರು ಅತಿಥಿ ಕಳುಹಿಸಿದ ಎರಡು ಪುಟಗಳ ಪರಿಚಯ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಪಡೆದ ಪದವಿಗಳು, ಕೆಲಸ ಮಾಡಿದ ಸಂಸ್ಥೆಗಳು, ಪ್ರಕಟವಾದ ಪ್ರಬಂಧಗಳ ಸಂಖ್ಯೆ, ಪ್ರಶಸ್ತಿಗಳು ಎಲ್ಲವೂ ಬರುತ್ತವೆ. ಅದರಲ್ಲಿ ಸುಳ್ಳೇನೂ ಇಲ್ಲ, ಗೌರವವೂ ಇದೆ. ಆದರೆ ಒಂದೊಂದು ಪದವಿಯ ಹೆಸರು ಕೇಳಿದಂತೆಲ್ಲ ಹಿಂದಿನ ಸಾಲಿನವರಿಗೆ ಇದು ತಮಗಾಗಿ ಏರ್ಪಡಿಸಿದ ಸಭೆಯಲ್ಲವೆಂಬ ಭಾವನೆ ಗಟ್ಟಿಯಾಗುತ್ತದೆ. ಅದಕ್ಕಿಂತ ಹೆಚ್ಚು ಕೆಡುಕು ಮಾಡುವ ಮಾತು ಇನ್ನೊಂದಿದೆ. ‘ವಿಷಯ ಬಹಳ ಕ್ಲಿಷ್ಟವಾದದ್ದು, ಆದರೂ ನಮ್ಮಂಥವರಿಗೂ ಅರ್ಥವಾಗುವಂತೆ ಅತಿಥಿಗಳು ಸರಳಗೊಳಿಸಿ ಹೇಳುತ್ತಾರೆ’ ಎಂಬ ಆ ಮಾತನ್ನು ವಿನಯದಿಂದಲೇ ಆಡುತ್ತಾರೆ. ಆದರೆ ಅದು ಕೇಳುವವರನ್ನು ಮೊದಲೇ ಹೆದರಿಸುತ್ತದೆ, ಅತಿಥಿಯ ಪರವಾಗಿ ಅವರು ಕೊಡದ ಭರವಸೆಯನ್ನೂ ಕೊಡುತ್ತದೆ. ಮುಂದೆ ಒಂದು ಸಂಗತಿ ಅರ್ಥವಾಗದಿದ್ದರೆ, ಸರಳಗೊಳಿಸಿದ ಮೇಲೂ ತಿಳಿಯಲಿಲ್ಲವಲ್ಲ ಎಂದು ಕೇಳುಗರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ.

ಪರಿಚಯಿಸುವವರು ಸಭೆಗೆ ಕೊಡಬೇಕಾದದ್ದು ಒಂದು ಪ್ರಶ್ನೆ. ಅದು ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ತಮ್ಮದೆನ್ನಿಸುವ ಪ್ರಶ್ನೆಯಾಗಿರಬೇಕು, ಜೊತೆಗೆ ಅತಿಥಿಯ ವಿಷಯದ ನಡುಮಧ್ಯಕ್ಕೇ ಕರೆದೊಯ್ಯುವಂಥದ್ದೂ ಆಗಿರಬೇಕು. ಅದು ಕುಳಿತಲ್ಲಿ ಹೊಳೆಯುವುದಿಲ್ಲ, ಅತಿಥಿಯೊಡನೆ ಮೊದಲೇ ಮಾತನಾಡಿದರೆ ಸಿಗುತ್ತದೆ. ನಾನು ಸಭೆಗೆ ಕೆಲವು ದಿನ ಮುಂಚೆ ಅವರಿಗೆ ಫೋನ್ ಮಾಡಿ, ಯಾವ ಪದಗಳಿಲ್ಲದೆ ಅವರ ಉಪನ್ಯಾಸ ಸಾಗುವುದೇ ಇಲ್ಲ ಎಂದು ಕೇಳುತ್ತೇನೆ. ಜನ ಸಾಮಾನ್ಯವಾಗಿ ಎಲ್ಲಿ ಎಳೆ ಕಳೆದುಕೊಳ್ಳುತ್ತಾರೆ ಎಂದೂ ಕೇಳುತ್ತೇನೆ. ಈ ಎರಡನೆಯದಕ್ಕೆ ಬರುವ ಉತ್ತರ ಬಹಳ ಬೆಲೆಯುಳ್ಳದ್ದು. ನ್ಯೂಟ್ರಿನೋ ವಿಷಯದಲ್ಲಿ ಆ ಜಾಗ ಯಾವುದೆಂಬುದನ್ನು ಊಹಿಸುವುದು ಕಷ್ಟವಲ್ಲ: ಆಕಾಶದಿಂದ ಬರುವ ಕಣವನ್ನು ಹುಡುಕಲು ವಿಜ್ಞಾನಿಗಳು ಭೂಮಿಯೊಳಕ್ಕೆ ಏಕೆ ಇಳಿದರು ಎಂಬಲ್ಲಿ ಕೇಳುಗ ಮುಗ್ಗರಿಸುತ್ತಾನೆ. ಕೆ.ಜಿ.ಎಫ್.ನ ಸಭೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಅವರು ಇಳಿದದ್ದು ಇದೇ ಊರಿನ ಗಣಿಗೆ.

ಪರಿಚಯಿಸುವವರಿಗೆ ಆ ಪ್ರಶ್ನೆಯ ಉತ್ತರ ಗೊತ್ತಿರಬೇಕು. ಸಭೆಯಲ್ಲಿ ಅದನ್ನು ಹೇಳಬಾರದು, ಆದರೆ ಗೊತ್ತಿಲ್ಲದವರು ಪ್ರಶ್ನೆಯನ್ನು ಸರಿಯಾಗಿ ನಿಲ್ಲಿಸಲಾರರು. ಉತ್ತರ ಹೀಗಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಹಲವು ಬಗೆಯ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಮ್ಯೂಆನ್ ಎಂಬ ಕಣಗಳು ನೆಲದವರೆಗೂ ಬಂದು ಸುರಿಯುತ್ತಲೇ ಇರುತ್ತವೆ. ಅಂಗೈಯನ್ನು ಮೇಲ್ಮುಖವಾಗಿ ಹಿಡಿದರೆ ಅದರ ಮೂಲಕ ಸುಮಾರಾಗಿ ಸೆಕೆಂಡಿಗೊಂದರಂತೆ ಮ್ಯೂಆನ್ ಹಾದುಹೋಗುತ್ತದೆ. ಅದೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳಾದರೋ ಯಾವುದಕ್ಕೂ ತಾಗದೆ ಇಡೀ ಭೂಮಿಯನ್ನೇ ದಾಟಿ ಹೋಗುತ್ತವೆ. ಎಲ್ಲೋ ಅಪರೂಪಕ್ಕೆ ಒಂದು ನ್ಯೂಟ್ರಿನೋ ಬಂಡೆಯೊಳಗಿನ ಪರಮಾಣುವಿಗೆ ತಾಗಿ, ಅಲ್ಲಿಂದ ಒಂದು ಮ್ಯೂಆನ್ ಹೊರಡುತ್ತದೆ. ನೆಲದ ಮೇಲೆ ಅದನ್ನು ಗುರುತಿಸಲು ಹೊರಡುವುದೆಂದರೆ ಸಂತೆಯ ಗದ್ದಲದಲ್ಲಿ ಒಂದು ಪಿಸುಮಾತನ್ನು ಆಲಿಸಿದಂತೆ. ಆಳಕ್ಕೆ ಹೋದಷ್ಟೂ ಮೇಲಿನಿಂದ ಸುರಿಯುವ ಮ್ಯೂಆನ್‌ಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೋಗಳನ್ನು ತಡೆಯುವುದಿಲ್ಲ.

ಹೋಮಿ ಭಾಭಾ ಅವರ ಸೂಚನೆಯಂತೆ ಬಿ.ವಿ. ಶ್ರೀಕಂಠನ್ ಅವರು 1951ರಲ್ಲೇ ಕೋಲಾರದ ಗಣಿಗಳಲ್ಲಿ ವಿಶ್ವಕಿರಣಗಳನ್ನು ಅಳೆಯಲು ಆರಂಭಿಸಿದ್ದರು. ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಗಳಂತೆ ಎದುರುಬದುರಾಗಿ ನಿಲ್ಲಿಸಿತು. ಅಷ್ಟು ಆಳಕ್ಕೂ ತಲುಪುವ ಅಲ್ಪಸ್ವಲ್ಪ ಮ್ಯೂಆನ್‌ಗಳು ನೇರ ಮೇಲಿನಿಂದಲೇ ಬರುವುದರಿಂದ, ಅಡ್ಡಡ್ಡವಾಗಿ ಹಾದುಹೋದ ಕಣವೊಂದು ಕಂಡರೆ ಅದು ನ್ಯೂಟ್ರಿನೋ ಬಂಡೆಗೆ ತಾಗಿದ್ದರಿಂದ ಹುಟ್ಟಿದ್ದೆಂದು ಹೇಳಬಹುದಾಗಿತ್ತು. 1965ರಲ್ಲಿ ಅಂಥ ಕಣಗಳು ಕಂಡವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಮನುಷ್ಯರಿಗೆ ಸಿಕ್ಕಿದ್ದು ಹೀಗೆ.

ಇಷ್ಟನ್ನು ತಿಳಿದುಕೊಂಡವರಿಗೆ ಇದನ್ನೆಲ್ಲ ಸಭೆಯಲ್ಲಿ ಹೇಳಿಬಿಡುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ತಡೆದುಕೊಳ್ಳಬೇಕು. ಪರಿಚಯಿಸುವವರು ಉತ್ತರವನ್ನು ಹೇಳಿಬಿಟ್ಟರೆ ಅತಿಥಿ ಅದನ್ನೇ ಮತ್ತೆ ಹೇಳಬೇಕಾಗುತ್ತದೆ. ಅದರಲ್ಲಿ ಏನಾದರೂ ತಪ್ಪಿದ್ದರೆ, ತಮ್ಮನ್ನು ಆದರದಿಂದ ಬರಮಾಡಿಕೊಂಡವರನ್ನೇ ಎಲ್ಲರೆದುರು ತಿದ್ದಬೇಕಾದ ಮುಜುಗರ ಅವರಿಗೆ ಬರುತ್ತದೆ. ಊರಿನ ಅಭಿಮಾನದಿಂದ ಆಡುವ ಮಾತಿನಲ್ಲೂ ಇದೇ ಎಚ್ಚರ ಬೇಕು. ‘ಜಗತ್ತಿನಲ್ಲೇ ಮೊದಲು ನಮ್ಮ ಕೋಲಾರದಲ್ಲಿ’ ಎಂದು ಘೋಷಿಸಿದರೆ ಚಪ್ಪಾಳೆ ಬರುತ್ತದೆ ನಿಜ. ಆದರೆ ಅದೇ 1965ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಇಂಥದ್ದೇ ಕಣಗಳನ್ನು ಕಂಡಿತ್ತು. ‘ಮೊಟ್ಟಮೊದಲು ಕಂಡ ಎರಡು ಜಾಗಗಳಲ್ಲಿ ಒಂದು’ ಎಂಬುದು ಸತ್ಯವಾದ ಮಾತು, ನಮ್ಮ ಊರಿಗೆ ಅಷ್ಟು ಸಾಕು.

ಈಗ ಆ ಮೂರು ನಿಮಿಷದಲ್ಲಿ ಏನು ಹೇಳಬೇಕು ಎಂಬುದಕ್ಕೆ ಬರುತ್ತೇನೆ. ನಾನಾದರೆ ಈ ರೀತಿ ಹೇಳುತ್ತೇನೆ:

‘ಎಲ್ಲರಿಗೂ ನಮಸ್ಕಾರ. ದಯವಿಟ್ಟು ಒಂದು ಕ್ಷಣ ನಿಮ್ಮ ಅಂಗೈಯನ್ನು ಮೇಲ್ಮುಖವಾಗಿ ಹಿಡಿಯಿರಿ. ಈಗ ನಿಮ್ಮ ಅಂಗೈಯನ್ನು ಸುಮಾರಾಗಿ ಸೆಕೆಂಡಿಗೊಂದರಂತೆ ಕಣಗಳು ತೂರಿಹೋಗುತ್ತಿವೆ. ಅವು ನಮ್ಮ ತಲೆಯ ಮೇಲಿನ ವಾತಾವರಣದಲ್ಲಿ ಹುಟ್ಟಿದವು, ಅವುಗಳ ಹೆಸರು ಮ್ಯೂಆನ್. ಇಂದು ನಮಗೆ ಬೇಕಾದ ಇನ್ನೊಂದು ಹೆಸರು ನ್ಯೂಟ್ರಿನೋ. ಅದೂ ನಮ್ಮನ್ನು ಹಾದುಹೋಗುತ್ತಿದೆ, ಆದರೆ ಬಹುಪಾಲು ಯಾವುದಕ್ಕೂ ತಾಗದೆ ಇಡೀ ಭೂಮಿಯನ್ನೇ ದಾಟಿ ಹೋಗುತ್ತದೆ. ಈ ಎರಡು ಹೆಸರುಗಳು ನೆನಪಿದ್ದರೆ ಸಾಕು. ಅರವತ್ತರ ದಶಕದಲ್ಲಿ ಕೆಲವರು ಈ ನ್ಯೂಟ್ರಿನೋವನ್ನು ಹುಡುಕಿಕೊಂಡು ನಮ್ಮ ಊರಿಗೆ ಬಂದರು. ಬೆಟ್ಟ ಹತ್ತಲಿಲ್ಲ, ಚಾಂಪಿಯನ್ ರೀಫ್ ಗಣಿಗೆ ಇಳಿದರು, ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ. ಆ ಆಳ ಎಂಥದ್ದೆಂದು, ಅಲ್ಲಿನ ಬಂಡೆ ಎಷ್ಟು ಬಿಸಿಯೆಂದು ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಮೇಲಿನಿಂದ ಬರುವುದನ್ನು ಹುಡುಕಲು ಅಷ್ಟು ಕೆಳಕ್ಕೆ ಏಕೆ ಹೋದರು? ಇಂದಿನ ಅತಿಥಿಗಳು ಇಂಥ ಕಣಗಳನ್ನು ಅಳೆಯುವುದರಲ್ಲೇ ತಮ್ಮ ವೃತ್ತಿಜೀವನವನ್ನು ಕಳೆದವರು. ಅವರು ಮೊದಲು ಗಣಿಯ ಕಥೆಯನ್ನು ಹೇಳುತ್ತಾರೆ, ನಡುವೆ ಹತ್ತು ನಿಮಿಷ ಲೆಕ್ಕಾಚಾರ ಬರುತ್ತದೆ, ಕೊನೆಗೆ ಮತ್ತೆ ಗಣಿಗೆ ಮರಳುತ್ತಾರೆ. ಲೆಕ್ಕಾಚಾರ ಹಿಡಿಸದಿದ್ದವರು ಅದನ್ನು ಹಾದುಹೋಗಲು ಬಿಡಬಹುದು, ಮುಂದಿನದು ಅದಿಲ್ಲದೆಯೂ ತಿಳಿಯುತ್ತದೆ. ಪ್ರಶ್ನೆಗಳನ್ನು ಕನ್ನಡ, ತಮಿಳು, ತೆಲುಗು ಯಾವುದರಲ್ಲಾದರೂ ಕೇಳಿ.’

ಇದಾದ ಮೇಲೆ ಅತಿಥಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ ನನ್ನ ಜಾಗಕ್ಕೆ ಮರಳುತ್ತೇನೆ. ಹೆಸರು ಕೊನೆಗೆ ಬಂದರೆ ಸಭೆಯ ಕಣ್ಣು ತಾನಾಗಿಯೇ ಅವರ ಕಡೆಗೆ ತಿರುಗುತ್ತದೆ. ಪದವಿ ಪ್ರಶಸ್ತಿಗಳ ವಿವರವನ್ನು ಆಹ್ವಾನ ಪತ್ರಿಕೆಯಲ್ಲಿ ಮುದ್ರಿಸಿದರೆ ಗೌರವಕ್ಕೆ ಕೊರತೆಯಾಗುವುದಿಲ್ಲ. ಅವರ ಅರ್ಹತೆಯನ್ನು ಹೇಳಲೇಬೇಕಾದಾಗ, ಇಂದಿನ ಪ್ರಶ್ನೆಗೆ ಅವರೇ ಏಕೆ ಉತ್ತರಿಸಬೇಕು ಎಂಬುದನ್ನು ತಿಳಿಸುವ ಒಂದು ವಾಕ್ಯ ಸಾಕು.

ಆ ಮಾತುಗಳಲ್ಲಿ ಎರಡು ಹೊಸ ಹೆಸರುಗಳಷ್ಟೇ ಇರುವುದನ್ನು ತಾವು ಗಮನಿಸಿರಬಹುದು. ಮೂರನೆಯದನ್ನು ಸೇರಿಸಿದರೆ ಮೊದಲನೆಯದು ಮರೆತುಹೋಗುತ್ತದೆ. ಲೆಕ್ಕಾಚಾರ ಎಲ್ಲಿ ಬರುತ್ತದೆಂದು ಮುಂಚೆ ತಿಳಿಸುವುದು ನನ್ನ ಅನುಭವದಲ್ಲಿ ಬಹಳ ಉಪಯುಕ್ತ. ಹತ್ತು ನಿಮಿಷದ ನಂತರ ಮತ್ತೆ ಗಣಿಯ ಮಾತು ಬರುತ್ತದೆಂದು ಗೊತ್ತಿದ್ದವರು ಎದ್ದು ಹೋಗುವುದಿಲ್ಲ. ಆದರೆ ಈ ಕ್ರಮವನ್ನು ಅತಿಥಿಯಿಂದಲೇ ಕೇಳಿ ತಿಳಿದಿರಬೇಕು, ಊಹಿಸಿ ಹೇಳಬಾರದು. ಗಣಿಯಲ್ಲಿ ದುಡಿದವರ ಬಗ್ಗೆ ಆಡಿದ ವಾಕ್ಯ ಬರಿಯ ಉಪಚಾರದ್ದಲ್ಲ. ಪ್ರಯೋಗದ ಉಪಕರಣಗಳೂ ವಿಜ್ಞಾನಿಗಳೂ ಗಣಿಯ ಶಾಫ್ಟ್‌ಗಳಲ್ಲೇ ಇಳಿಯಬೇಕಿತ್ತು, ಗಣಿ ನಡೆಸುವವರ ಕೆಲಸವಿಲ್ಲದೆ ಆ ಪ್ರಯೋಗ ಸಾಧ್ಯವೇ ಇರಲಿಲ್ಲ. ಆ ಹಿರಿಯರಿಗೆ ಗೊತ್ತಿರುವ ಎಷ್ಟೋ ಸಂಗತಿಗಳು ಅತಿಥಿಗೂ ಗೊತ್ತಿರಲಾರವು.

ಪರಿಚಯದ ಮಾತು ಫಲಿಸಿತೇ ಎಂಬುದು ಉಪನ್ಯಾಸ ಮುಗಿದ ಮೇಲೆ ಬರುವ ಮೊದಲ ಮೂರು ಪ್ರಶ್ನೆಗಳಿಂದ ತಿಳಿಯುತ್ತದೆ. ಮೂರೂ ಪ್ರಶ್ನೆಗಳು ಮುಂದಿನ ಸಾಲಿನ ಉಪನ್ಯಾಸಕರಿಂದಲೇ ಬಂದವೆಂದರೆ ಸಭೆಯ ಉಳಿದವರು ಹೊರಗೇ ಉಳಿದರೆಂದು ಅರ್ಥ. ಅದಕ್ಕಾಗಿ ನಾನು ಸಭೆ ಆರಂಭವಾಗುವ ಮುನ್ನ ಹಿಂದಿನ ಸಾಲುಗಳಲ್ಲಿ ಕುಳಿತವರೊಡನೆ ಸ್ವಲ್ಪ ಮಾತನಾಡಿ, ಯಾರು ಯಾವ ಕೆಲಸದವರೆಂದು ತಿಳಿದುಕೊಂಡಿರುತ್ತೇನೆ. ಪ್ರಶ್ನೆಗಳ ಸಮಯದಲ್ಲಿ ಮೈಕನ್ನು ಮೊದಲು ಅಲ್ಲಿಗೇ ಕೊಂಡೊಯ್ಯಲು ಹೇಳುತ್ತೇನೆ. ಗಣಿಯ ಹಿರಿಯರೊಬ್ಬರು ಎದ್ದು, ಆ ಆಳದ ಶಾಖದಲ್ಲಿ ಉಪಕರಣಗಳು ಹೇಗೆ ಕೆಲಸ ಮಾಡಿದವು, ಬಂಡೆ ಸಿಡಿದಾಗ ಏನು ಮಾಡುತ್ತಿದ್ದರು ಎಂದು ಕೇಳಿದರೆ, ಕಣಭೌತ ವಿಜ್ಞಾನದ ನಿಜವಾದ ಪ್ರಶ್ನೆಯೊಂದನ್ನು ಅವರು ಕೇಳಿದಂತಾಯಿತು. ಅತಿಥಿಯ ಉತ್ತರ ಮುಗಿದ ಕೂಡಲೇ ನಾನು ಮೈಕನ್ನು ಮುಂದಿನ ಸಾಲಿಗೆ ಕಳುಹಿಸುತ್ತೇನೆ. ಉಪನ್ಯಾಸಕರ ಪ್ರಶ್ನೆಗಳು ಆಗ ಎಷ್ಟು ಸೂಕ್ಷ್ಮವಾಗಿದ್ದರೂ ಸಭೆ ಕಿವಿಗೊಟ್ಟು ಕೇಳುತ್ತದೆ.

ನಮಸ್ಕಾರ.